ಬೇಡವೆಂದವರಿಗೆ ಬಾಗಿಲು ತೆರೆದಿರಲಿ

ವಾಟ್ಸ್ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ನಂಬರುಗಳವರೆಗೆ ಸೇರಿಸಬಹುದು. ಅಂಗಡಿಯವರು ಒಮ್ಮೆ ಕಳಿಸಿದ ಸಂದೇಶ ಪ್ರತಿ ಗಿರಾಕಿಗೂ ಬೇರೆಬೇರೆಯಾಗಿ ತಲುಪುತ್ತದೆ. ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಗ್ರೂಪ್ ಬೇಡವಾದರೆ ತಾವೇ ಹೊರಬರಬಹುದು. ಇಲ್ಲಿ ಗಿರಾಕಿಗೆ ಪಟ್ಟಿಯೇ ಕಾಣದಿರುವುದರಿಂದ ಕೇಳಿ ಸೇರಿಸುವುದೂ ಬೇಡವೆಂದಾಗ ತೆಗೆಯುವುದೂ ಅಂಗಡಿಯವರದೇ ಹೊಣೆ.

ತಾಲ್ಲೂಕು ಕೇಂದ್ರದ ಒಂದು ಸೀರೆ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬಿಲ್ ಮಾಡಲೆಂದು ಪಡೆದ ನಂಬರು ಜಾಹೀರಾತಿಗೆ ಒಪ್ಪಿಗೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತೆಯೂ ಇರಬೇಕು. ಆದ್ದರಿಂದ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳುವುದೇ ಸರಿ: “ಹೊಸ ಸೀರೆ ಬಂದಾಗ ತಿಂಗಳಿಗೆ ಎರಡು ಸಲ ಫೋಟೊ ಕಳಿಸಲೇ ಅಮ್ಮಾ? ಬೇಡ ಅನ್ನಿಸಿದರೆ ‘ಸಾಕು’ ಅಂತ ಬರೆದರೆ ನಿಲ್ಲಿಸ್ತೀವಿ.” ಹೂಂ ಎಂದವರ ಹೆಸರು, ನಂಬರು, ತಾರೀಖು, ಏನು ಬೇಕೆಂದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಂಗಡಿಯ ನಂಬರನ್ನು ಅವರ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಬೇಕು. ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದೇ ಇಲ್ಲ.

ಎರಡು ಸಲ ಎಂದ ಮೇಲೆ ಎರಡೇ ಸಲ. ವರಮಹಾಲಕ್ಷ್ಮಿ, ಗೌರಿ ಹಬ್ಬ, ದಸರಾ ಒಂದರ ಹಿಂದೊಂದು ಬರುವಾಗ ದಿನಕ್ಕೊಂದು ಫೋಟೊ ಕಳಿಸುವ ಆಸೆ ಹುಟ್ಟುತ್ತದೆ. ಅಂಗಡಿಗಳು ಎಡವುವುದು ಇಲ್ಲೇ. ವರಮಹಾಲಕ್ಷ್ಮಿ ಹಬ್ಬಕ್ಕಾದರೆ ಹತ್ತು ದಿನ ಮೊದಲು ಒಂದು ಸಂದೇಶ ಸಾಕು: ಯಾವ ಸೀರೆ, ಬೆಲೆ ಎಷ್ಟರಿಂದ, ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ. ಆ ತಿಂಗಳ ಎರಡನೆಯದನ್ನು ಗೌರಿ ಹಬ್ಬಕ್ಕೆ ಉಳಿಸಿಕೊಳ್ಳಬೇಕು. ಬರಿಯ ‘ಶುಭೋದಯ’ದ ಚಿತ್ರಗಳಿಗೆ ಯಾರೂ ಒಪ್ಪಿಗೆ ಕೊಟ್ಟಿಲ್ಲ.

ಬೇಸರ ಮೂಡಿದ್ದರೆ ಅದಕ್ಕೆ ಕುರುಹು ಫೋನಿನಲ್ಲೇ ಸಿಗುತ್ತದೆ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರಿಗೆ ತಲುಪಿತು, ಯಾರು ಓದಿದರು ಎಂದು ಕಾಣುತ್ತದೆ. ಓದಿದ ಗುರುತನ್ನು ಕೆಲವರು ಆಫ್ ಮಾಡಿರುತ್ತಾರೆ, ಹಾಗಾಗಿ ತಲುಪಿದವರ ಸಂಖ್ಯೆಯನ್ನೇ ನೋಡುವುದು ಮೇಲು. ಅದು ಸಲದಿಂದ ಸಲಕ್ಕೆ ಇಳಿಯುತ್ತಿದ್ದರೆ ಕೆಲವರು ನಂಬರು ಅಳಿಸಿರಬಹುದು ಅಥವಾ ಬ್ಲಾಕ್ ಮಾಡಿರಬಹುದು. ಹಲವರು ದೂರು ಒತ್ತಿದರೆ ವಾಟ್ಸ್ಆ್ಯಪ್ ಖಾತೆಯನ್ನೇ ನಿಲ್ಲಿಸಬಹುದು.

ಪ್ರತಿ ಸಂದೇಶದ ಕೊನೆಯಲ್ಲಿ “ನಿಲ್ಲಿಸಲು ‘ಸಾಕು’ ಎಂದು ಬರೆಯಿರಿ” ಎಂಬ ಸಾಲಿರಬೇಕು. ಹಾಗೆ ಬರೆದವರನ್ನು ಅಂದೇ ಪಟ್ಟಿಯಿಂದ ತೆಗೆದು, “ಆಯಿತು, ನಿಲ್ಲಿಸಿದ್ದೇವೆ” ಎಂದಷ್ಟೇ ಉತ್ತರಿಸಬೇಕು, ಏಕೆಂದು ಕೆದಕಬಾರದು. “ಇನ್ನು ಕಳಿಸಬೇಡಿ” ಎಂದು ಬೇರೆ ಮಾತಿನಲ್ಲಿ ಬರೆದರೂ ಅದು ‘ಸಾಕು’ ಎಂದಂತೆಯೇ. ಕುಚ್ಚು ಕಟ್ಟಲು ಕೊಟ್ಟ ಸೀರೆ ಸಿದ್ಧವಾಯಿತೆಂದು ಅದೇ ಗಿರಾಕಿಗೆ ತಿಳಿಸಬಹುದು, ಏಕೆಂದರೆ ಅದು ಅವರ ಕೆಲಸದ ಸುದ್ದಿ, ಜಾಹೀರಾತಲ್ಲ. ಪುಸ್ತಕದಲ್ಲೂ ಅವರ ಹೆಸರಿನ ಮುಂದೆ ‘ಬೇಡ’ ಎಂದು ಬರೆಯುವುದನ್ನು ಮರೆಯಬಾರದು. ಇಲ್ಲವಾದರೆ ಹೊಸ ಫೋನಿನಲ್ಲಿ ಪಟ್ಟಿ ಮಾಡುವ ದಿನ ಆ ನಂಬರು ಮತ್ತೆ ಒಳಗೆ ಸೇರುತ್ತದೆ.