ಬ್ಲಾಕ್ ಒಬ್ಬರಿಗೆ, ಪಾಲು ಎಲ್ಲರಿಗೆ

2010ರ ಕೊನೆಯ ಹೊತ್ತಿಗೆ ಬಿಟ್‌ಕಾಯಿನ್ ಮೈನಿಂಗ್ ಮಾಡುತ್ತಿದ್ದ ಸಣ್ಣವರ ಪಾಡು ಕೆಟ್ಟಿತ್ತು. ಅದಕ್ಕೆ ಮೊದಲು ಮನೆಯ ಕಂಪ್ಯೂಟರನ್ನು ಓಡಲು ಬಿಟ್ಟರೆ ಇಂದಲ್ಲ ನಾಳೆ ಒಂದು ಬ್ಲಾಕ್ ಸಿಕ್ಕು, ಅದರ ಬಹುಮಾನವಾದ 50 ಬಿಟ್‌ಕಾಯಿನ್ ಕೈಸೇರುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡವರು ಬಂದ ಮೇಲೆ ಸ್ಪರ್ಧೆ ಏರಿತು. ಬಡ ಯಂತ್ರದವರು ತಿಂಗಳುಗಟ್ಟಲೆ ಕರೆಂಟು ಸುಟ್ಟರೂ ಏನೂ ಸಿಗದ ಸ್ಥಿತಿ ಬಂತು. ಆಗ ಜೆಕ್ ದೇಶದ ಮಾರೆಕ್ ಪಲಾಟಿನಸ್ ಎಂಬ ಪ್ರೋಗ್ರಾಮರ್ ಎಲ್ಲರೂ ಸೇರಿ ಹುಡುಕಿ, ಸಿಕ್ಕಿದ್ದನ್ನು ಹಂಚಿಕೊಳ್ಳುವ ವ್ಯವಸ್ಥೆಯೊಂದನ್ನು ಕಟ್ಟಿದರು. ‘ಸ್ಲಶ್’ ಎಂಬುದು ಅವರ ಅಡ್ಡಹೆಸರು. ಅವರ ಪೂಲ್‌ಗೂ ಅದೇ ಹೆಸರು ಬಂತು. ಆ ಪೂಲ್‌ಗೆ ಮೊದಲ ಬ್ಲಾಕ್ ಸಿಕ್ಕಿದ್ದು 2010ರ ಡಿಸೆಂಬರ್ 16ರಂದು.

ಕೂಡಿ ಹುಡುಕುವುದು ಸುಲಭ. ಯಾರು ಎಷ್ಟು ದುಡಿದರು ಎಂದು ತಿಳಿಯುವುದು ಹೇಗೆ? ಭೂಮಿಯ ಯಾವುದೋ ಮೂಲೆಯಲ್ಲಿ ಕೂತವನು ‘ನನ್ನ ಯಂತ್ರ ಹಗಲೂ ರಾತ್ರಿ ಓಡಿದೆ’ ಎಂದರೆ ನಂಬುವುದು ಹೇಗೆ?

ಇದಕ್ಕೆ ಉತ್ತರ ಮೈನಿಂಗ್ ನಡೆಯುವ ರೀತಿಯಲ್ಲೇ ಇದೆ. ಮೈನರ್‌ನ ಯಂತ್ರ ಬ್ಲಾಕ್‌ನ ತಲೆಬರಹಕ್ಕೆ ಒಂದೊಂದೇ ಸಂಖ್ಯೆ ಸೇರಿಸಿ ‘ಹ್ಯಾಶ್’ ಎಂಬ ಲೆಕ್ಕ ಹಾಕುತ್ತ ಹೋಗುತ್ತದೆ. ಬಂದ ಉತ್ತರ ನೆಟ್‌ವರ್ಕ್ ಗೊತ್ತುಮಾಡಿದ ಗಡಿಗಿಂತ ಚಿಕ್ಕದಾಗಿದ್ದರೆ ಬ್ಲಾಕ್ ಸಿಕ್ಕಂತೆ. ಪೂಲ್ ಅದಕ್ಕಿಂತ ಬಹಳ ಸಡಿಲವಾದ ಇನ್ನೊಂದು ಗಡಿಯನ್ನು ತಾನೇ ಇಡುತ್ತದೆ. ಆ ಸಡಿಲ ಗಡಿಯೊಳಗೆ ಬಿದ್ದ ಉತ್ತರಕ್ಕೆ ‘ಶೇರ್’ ಎನ್ನುತ್ತಾರೆ. ನೆಟ್‌ವರ್ಕ್‌ಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ. ಆದರೆ ಲೆಕ್ಕ ಹಾಕದೆ ಶೇರ್ ಹುಟ್ಟಿಸಲು ಬೇರೆ ದಾರಿಯಿಲ್ಲ. ಹೀಗಾಗಿ ಶೇರ್‌ಗಳ ಸಂಖ್ಯೆಯೇ ದುಡಿಮೆಯ ಸಾಕ್ಷಿ.

ನಿಜವಾದ ಬ್ಲಾಕ್ ಸಿಕ್ಕವನು ಪೂಲ್‌ಗೆ ತಿಳಿಸದೆ ಬಹುಮಾನವನ್ನು ತಾನೇ ಇಟ್ಟುಕೊಳ್ಳಬಹುದಲ್ಲ ಎಂದು ಹಲವರು ಕೇಳುತ್ತಾರೆ. ಅದು ಆಗದು. ಬಹುಮಾನ ಯಾವ ವಿಳಾಸಕ್ಕೆ ಹೋಗಬೇಕು ಎಂಬುದು ಬ್ಲಾಕ್‌ನ ಮೊದಲ ವಹಿವಾಟಿನಲ್ಲೇ ಬರೆದಿರುತ್ತದೆ, ಆ ವಿಳಾಸವನ್ನು ಪೂಲ್ ಕೊಟ್ಟಿರುತ್ತದೆ. ಅದರ ಒಂದಕ್ಷರ ಬದಲಿಸಿದರೂ ತಲೆಬರಹ ಬದಲಾಗಿ, ಸಿಕ್ಕ ಉತ್ತರ ಕೆಲಸಕ್ಕೆ ಬಾರದಂತಾಗುತ್ತದೆ.

ನನ್ನ ಮಟ್ಟಿಗೆ ಈ ವಿಷಯದ ನಿಜವಾದ ಸ್ವಾರಸ್ಯ ಇರುವುದು ಹಂಚಿಕೆಯಲ್ಲಿ. ಮೊದಮೊದಲು ಎಲ್ಲರಿಗೂ ಹೊಳೆದ ಕ್ರಮ ಸರಳವಾಗಿತ್ತು: ಹಿಂದಿನ ಬ್ಲಾಕ್‌ನಿಂದ ಈ ಬ್ಲಾಕ್‌ವರೆಗಿನದು ಒಂದು ಸುತ್ತು, ಆ ಸುತ್ತಿನಲ್ಲಿ ಬಂದ ಶೇರ್‌ಗಳಿಗೆ ಬಹುಮಾನವನ್ನು ಸಮನಾಗಿ ಹಂಚು. ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೂ ಇದರಲ್ಲೊಂದು ತೂತಿತ್ತು.

ಒಂದು ಬ್ಲಾಕ್‌ಗೆ ಸರಾಸರಿ 1,000 ಶೇರ್ ಬೇಕಾಗುವ ಪೂಲ್ ಇದೆ ಎಂದುಕೊಳ್ಳೋಣ. ಬಹುಮಾನ 50 ಬಿಟ್‌ಕಾಯಿನ್. ಒಂದು ಶೇರ್‌ನ ನ್ಯಾಯವಾದ ಬೆಲೆ 0.05. ಅದೃಷ್ಟ ಚೆನ್ನಾಗಿದ್ದು 250 ಶೇರ್‌ಗೇ ಬ್ಲಾಕ್ ಸಿಕ್ಕಿತು ಎನ್ನಿ, ಆಗ ಪ್ರತಿ ಶೇರ್‌ಗೆ 0.2 ಬರುತ್ತದೆ. ಅದೃಷ್ಟ ಕೆಟ್ಟು 2,500 ಶೇರ್ ಬೇಕಾದರೆ ಬರುವುದು 0.02 ಮಾತ್ರ. ಈಗ 1,500 ಶೇರ್ ಮುಗಿದರೂ ಬ್ಲಾಕ್ ಸಿಗದ ಸುತ್ತನ್ನು ನೋಡಿ. ಚೌಕಾಬಾರದಲ್ಲಿ ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ. ಹಾಗೆಯೇ ಇಲ್ಲಿ ಮುಂದಿನ ಶೇರ್ ಬ್ಲಾಕ್ ಆಗುವ ಸಾಧ್ಯತೆ ಮೊದಲಿನಂತೆ ಸಾವಿರಕ್ಕೆ ಒಂದೇ. ಆದರೆ ಈಗ ಕೊಡುವ ಶೇರ್‌ಗೆ ಇನ್ನು 0.033ಕ್ಕಿಂತ ಹೆಚ್ಚು ಸಿಗುವುದು ಅಸಾಧ್ಯ, ಏಕೆಂದರೆ ಬಹುಮಾನ ಆಗಲೇ 1,500ಕ್ಕಿಂತ ಹೆಚ್ಚು ಪಾಲಾಗಿದೆ.

ಇದನ್ನು ಕಂಡುಕೊಂಡ ಚಾಲಾಕಿಗಳು ಹೊಸ ಸುತ್ತು ಶುರುವಾದಾಗ ಬಂದು ಸೇರುವುದು, ಸುತ್ತು ಉದ್ದವಾಗುತ್ತಿದ್ದಂತೆ ಬೇರೆ ಪೂಲ್‌ಗೆ ಜಿಗಿಯುವುದು ಮಾಡತೊಡಗಿದರು. ಗಣಿತದ ಪ್ರಕಾರ, ಸರಾಸರಿಯ ಸುಮಾರು ಶೇ 43.5ರಷ್ಟು ಶೇರ್ ಆದಾಗ ಬಿಟ್ಟುಹೋಗುವುದು ಅವರಿಗೆ ಲಾಭ. ನಮ್ಮ ಲೆಕ್ಕದಲ್ಲಿ 435ನೆಯ ಶೇರ್ ಹೊತ್ತಿಗೆ. ಅವರು ಹೆಚ್ಚಿಗೆ ಪಡೆದದ್ದು ಎಲ್ಲಿಂದಲೋ ಉದುರಿದ್ದಲ್ಲ. ನಿಯತ್ತಾಗಿ ಇಡೀ ಸುತ್ತು ದುಡಿದವರ ಜೇಬಿನಿಂದ ಹೋದದ್ದು.

ಪಲಾಟಿನಸ್ ತಮ್ಮ ಪೂಲ್‌ನಲ್ಲಿ ಹಳೆಯ ಶೇರ್‌ಗಳ ತೂಕ ಹೊತ್ತು ಕಳೆದಂತೆ ಇಳಿಯುವ ಕ್ರಮ ತಂದರು. ಬಳಿಕ 2011ರಲ್ಲಿ ಇಸ್ರೇಲಿನ ಗಣಿತಜ್ಞ ಮೆನಿ ರೋಸೆನ್‌ಫೆಲ್ಡ್ ಎಲ್ಲ ಹಂಚಿಕೆ ವಿಧಾನಗಳನ್ನೂ ಕೂಲಂಕಷವಾಗಿ ಪರೀಕ್ಷಿಸಿದರು. ಯಾವ ಹೊತ್ತಿನಲ್ಲಿ ಕೊಟ್ಟರೂ ಶೇರ್‌ನ ನಿರೀಕ್ಷಿತ ಬೆಲೆ ಒಂದೇ ಆಗಿರಬೇಕು, ಅದೇ ಸರಿಯಾದ ಕ್ರಮ.

ಇವತ್ತು ಬಳಕೆಯಲ್ಲಿರುವ ಮುಖ್ಯ ದಾರಿ ಎರಡು. ಮೊದಲನೆಯದು ‘ಪಿಪಿಎಲ್‌ಎನ್‌ಎಸ್’. ಇದರಲ್ಲಿ ಸುತ್ತು ಎಂಬ ಮಾತೇ ಇಲ್ಲ. ಬ್ಲಾಕ್ ಸಿಕ್ಕ ಕ್ಷಣದಿಂದ ಹಿಂದಕ್ಕೆ ಎಣಿಸಿ, ಕೊನೆಯ ಇಂತಿಷ್ಟು ಶೇರ್‌ಗಳಿಗೆ ಹಂಚುತ್ತಾರೆ. ನಮ್ಮ ಪೂಲ್‌ನಲ್ಲಿ ಕೊನೆಯ 2,000 ಎಂದಿಟ್ಟರೆ ಪ್ರತಿ ಬ್ಲಾಕ್‌ಗೂ ಒಂದು ಶೇರ್‌ಗೆ 0.025 ಬರುತ್ತದೆ. ಒಂದು ಶೇರ್ ಮುಂದಿನ 2,000 ಶೇರ್‌ಗಳ ಕಾಲ ಲೆಕ್ಕದಲ್ಲಿ ಉಳಿಯುವುದರಿಂದ ಸರಾಸರಿ ಎರಡು ಬ್ಲಾಕ್‌ಗಳಲ್ಲಿ ಪಾಲು ಸಿಕ್ಕು, ಮೊತ್ತ ಮತ್ತೆ 0.05 ಆಗುತ್ತದೆ. ಯಾವಾಗ ಬಂದರೂ ಅಷ್ಟೇ, ಜಿಗಿದು ಪ್ರಯೋಜನವಿಲ್ಲ. ಆದರೆ ಪೂಲ್‌ನ ಅದೃಷ್ಟ ಕೆಟ್ಟರೆ ಆ ನಷ್ಟ ಮೈನರ್‌ನದೇ.

ಎರಡನೆಯದು ‘ಪಿಪಿಎಸ್’. ಬ್ಲಾಕ್ ಸಿಗಲಿ ಬಿಡಲಿ, ಪ್ರತಿ ಶೇರ್‌ಗೂ ನಿಗದಿಯಾದ ಹಣ. ಅದೃಷ್ಟದ ಭಾರ ಪೂರ್ತಿ ಪೂಲ್ ನಡೆಸುವವರ ತಲೆಗೆ. ಕೆಟ್ಟ ದಿನಗಳು ಸಾಲಾಗಿ ಬಂದಾಗಲೂ ಹಣ ಕೊಡುತ್ತಲೇ ಇರಬೇಕಾದ್ದರಿಂದ ಅವರಲ್ಲಿ ದೊಡ್ಡ ಗಂಟು ಇರಬೇಕು, ಅದಕ್ಕೇ ಹೆಚ್ಚು ಶುಲ್ಕ ಹಿಡಿಯುತ್ತಾರೆ. ಗಂಟಿಲ್ಲದ ಪೂಲ್ ಈ ಭರವಸೆ ಕೊಟ್ಟರೆ ಅದು ಮುಳುಗುವುದು ಖಚಿತ ಎಂದೇ ನಾನು ಭಾವಿಸುತ್ತೇನೆ.

ಈ ಎರಡೂ ವಿಧಾನಗಳಿಗೆ ಪೂರ್ತಿ ಮದ್ದು ಸಿಗದ ಕಾಯಿಲೆಯೊಂದಿದೆ. ಮೈನರ್ ತನ್ನ ಶೇರ್‌ಗಳನ್ನೆಲ್ಲ ಕಳಿಸುತ್ತ, ನಿಜವಾದ ಬ್ಲಾಕ್ ಸಿಕ್ಕಾಗ ಮಾತ್ರ ಎಸೆದುಬಿಡಬಹುದು. ಅವನಿಗೆ ಆ ಬ್ಲಾಕ್ ಸಿಗದು, ಆದರೆ ಪೂಲ್ ಸೊರಗುತ್ತದೆ. ಪತ್ತೆಗೆ ಇರುವುದು ಸಂಭವನೀಯತೆಯ ಲೆಕ್ಕ ಒಂದೇ. ಹತ್ತು ಬ್ಲಾಕ್ ಬರಬೇಕಾದಷ್ಟು ಶೇರ್ ಕೊಟ್ಟವನಿಗೆ ಒಂದೂ ಸಿಗದಿರುವ ಸಾಧ್ಯತೆ ಸುಮಾರು 22,000ಕ್ಕೆ ಒಂದು. ಅಂಥವನನ್ನು ಅನುಮಾನಿಸಲೇಬೇಕು. ಸಣ್ಣ ಸಣ್ಣ ಖಾತೆಗಳಾಗಿ ಒಡೆದುಕೊಂಡವನನ್ನು ಹಿಡಿಯುವುದು ಬಹಳ ಕಷ್ಟ.

ಸಣ್ಣವನ ಲೆಕ್ಕ ಎಷ್ಟು ಸಣ್ಣದು ನೋಡಿ. ಸೆಕೆಂಡಿಗೆ 200 ಟೆರಾಹ್ಯಾಶ್ ಓಡುವ ಒಂದು ಆಧುನಿಕ ಯಂತ್ರ ಇದೆ, ಇಡೀ ನೆಟ್‌ವರ್ಕ್‌ನ ಬಲ 800 ಎಕ್ಸಾಹ್ಯಾಶ್ ಎಂದಿಟ್ಟುಕೊಂಡರೆ ಅವನ ಪಾಲು 40 ಲಕ್ಷದಲ್ಲಿ ಒಂದು. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಬ್ಲಾಕ್. ಒಂಟಿಯಾಗಿ ಕೂತರೆ ಒಂದು ಬ್ಲಾಕ್‌ಗೆ ಸರಾಸರಿ 76 ವರ್ಷ ಕಾಯಬೇಕು. 2024ರ ಏಪ್ರಿಲ್‌ನಿಂದ ಬಹುಮಾನ 3.125 ಬಿಟ್‌ಕಾಯಿನ್‌ಗೆ ಇಳಿದಿದೆ. ಪೂಲ್ ಸೇರಿದರೆ ಶುಲ್ಕ ಕಳೆಯುವ ಮೊದಲು ದಿನಕ್ಕೆ ಸುಮಾರು 0.0001125 ಬಿಟ್‌ಕಾಯಿನ್ ಬರುತ್ತದೆ.

ಪೂಲ್ ಸೇರಿದರೆ ಆದಾಯ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸರಾಸರಿ ಅಷ್ಟೇ ಇರುತ್ತದೆ; ಶುಲ್ಕದ ಲೆಕ್ಕದಲ್ಲಿ ತುಸು ಕಡಿಮೆಯೇ. ಪೂಲ್ ಕೊಡುವುದು ಹೆಚ್ಚು ಹಣವನ್ನಲ್ಲ, ನಿಗದಿತವಾಗಿ ಬರುವ ಹಣವನ್ನು. ಸೇರುವ ಮುನ್ನ ಹಂಚಿಕೆ ಯಾವ ವಿಧಾನದಲ್ಲಿ, ಶುಲ್ಕ ಎಷ್ಟು, ಕನಿಷ್ಠ ಎಷ್ಟು ಕೂಡಿದ ಮೇಲೆ ಹಣ ಕೈಗೆ ಬರುತ್ತದೆ ಎಂದು ಕೇಳಿ. 3,500 ವಾಟ್ ಎಳೆಯುವ ಯಂತ್ರ ದಿನಕ್ಕೆ 84 ಯೂನಿಟ್ ಕರೆಂಟು ತಿನ್ನುತ್ತದೆ. ಅದನ್ನು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ, ಆ ದಿನದ ಬಿಟ್‌ಕಾಯಿನ್ ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ತೀರ್ಮಾನಿಸಿ.