ಪಿಎಲ್‌ಸಿ ತಾನಾಗಿ ನಿಂತಾಗ ನೋಡಬೇಕಾದ್ದು

ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ದಿನವಿಡೀ ಒಂದೇ ಸುತ್ತು ಹಾಕುತ್ತಿರುತ್ತದೆ. ಸೆನ್ಸರ್‌ಗಳ ಸ್ಥಿತಿ ಓದಿಕೊಳ್ಳುತ್ತದೆ, ಪ್ರೋಗ್ರಾಂ ನಡೆಸುತ್ತದೆ, ಬಂದ ಫಲವನ್ನು ಮೋಟರ್, ವಾಲ್ವ್‌ಗಳಿಗೆ ಕಳಿಸುತ್ತದೆ. ಒಂದು ಸುತ್ತಿಗೆ ಹಿಡಿಯುವ ಕಾಲವೇ ಸ್ಕ್ಯಾನ್ ಟೈಮ್. ಅದು ಗೊತ್ತುಮಾಡಿದ ಮಿತಿ ದಾಟದಂತೆ ಕಾಯುವುದು ವಾಚ್‌ಡಾಗ್. ಸೀಮೆನ್ಸ್‌ನ ಎಸ್7-1500ರಲ್ಲಿ ನಾವು ಬದಲಾಯಿಸದಿದ್ದರೆ ಈ ಮಿತಿ 150 ಮಿಲಿಸೆಕೆಂಡ್.

ಹತ್ತು ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದ ಸುತ್ತು ಮಿತಿ ದಾಟುವುದಕ್ಕೆ ನಾನು ಮೊದಲು ಅನುಮಾನಿಸುವುದು ಲೂಪ್‌ಗಳನ್ನು. ವಾಲ್ವ್ ತೆರೆಯುವವರೆಗೆ ಕಾಯಲೆಂದು ಹೊಸಬರು ಹೀಗೆ ಬರೆಯುವುದುಂಟು:

```
"Valve_Cmd" := TRUE;
WHILE NOT "Valve_Open" DO
    ;
END_WHILE;
```

ಓದಲು ಸರಿಯಾಗಿಯೇ ಕಾಣುತ್ತದೆ. ಆದರೆ ತೆರೆಯುವ ಆಜ್ಞೆ ವಾಲ್ವ್‌ಗೆ ಹೋಗುವುದು ಸುತ್ತು ಮುಗಿದ ಮೇಲೆ. ಸೆನ್ಸರನ್ನು ಮತ್ತೆ ಓದುವುದೂ ಆಮೇಲೆಯೇ. ಲೂಪ್ ಬಿಡದೆ ಸುತ್ತು ಮುಗಿಯದು, ಸುತ್ತು ಮುಗಿಯದೆ ವಾಲ್ವ್ ತೆರೆಯದು. ವಾಚ್‌ಡಾಗ್ ಫಾಲ್ಟ್ ಖಚಿತ. ಇಲ್ಲಿ `WHILE` ಬದಲು `IF` ಬಳಸಿ, ವಾಲ್ವ್ ತೆರೆದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗುವಂತೆ ಮಾಡಬೇಕು. ಕಾಯುವ ಕೆಲಸ ಸುತ್ತುಗಳ ನಡುವೆ ತಾನಾಗಿ ನಡೆಯುತ್ತದೆ.

ಇನ್ನೊಂದು ಬಗೆಯ ಲೂಪ್ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಕಾಡುತ್ತದೆ. 5000 ಸಾಲುಗಳ ಪಟ್ಟಿಯಲ್ಲಿ ಒಂದು ಬಾರ್‌ಕೋಡ್ ಹುಡುಕಬೇಕು, ಸಾಲಿಗೆ 30 ಮೈಕ್ರೊಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸಾಲುಗಳಲ್ಲೇ ಸಿಕ್ಕರೆ ಖರ್ಚು ಲೆಕ್ಕಕ್ಕಿಲ್ಲ. ಪಟ್ಟಿಯಲ್ಲಿ ಇಲ್ಲದ ಕೋಡ್ ಬಂದ ದಿನ ಹುಡುಕಾಟವೊಂದೇ 150 ಮಿಲಿಸೆಕೆಂಡ್ ತಿಂದುಹಾಕುತ್ತದೆ. ಪ್ರತಿ ಸುತ್ತಿಗೆ 100 ಸಾಲು ಮಾತ್ರ ನೋಡಿದರೆ ಉತ್ತರಕ್ಕೆ 50 ಸುತ್ತು ಬೇಕಾಗಬಹುದು, ಆದರೆ ಒಂದು ಸುತ್ತಿಗೆ ಕೂಡುವುದು 3 ಮಿಲಿಸೆಕೆಂಡ್ ಅಷ್ಟೆ. ಪರದೆಗಳ ಜೊತೆಗಿನ ಸಂವಹನ, ಇಂಟರಪ್ಟ್‌ಗಳೂ ಸುತ್ತನ್ನು ಹಿಗ್ಗಿಸುತ್ತವೆ. ಸಂವಹನಕ್ಕೆ ಶೇ 20 ಪಾಲು ಹೋದರೆ 10 ಮಿಲಿಸೆಕೆಂಡಿನ ಕೆಲಸಕ್ಕೆ 12.5 ಹಿಡಿಯುತ್ತದೆ.

ಅಳೆಯುವುದು ಕಷ್ಟವಲ್ಲ. ಟಿಐಎ ಪೋರ್ಟಲ್‌ನ ಆನ್‌ಲೈನ್ ಡಯಾಗ್ನೋಸ್ಟಿಕ್ಸ್‌ನಲ್ಲಿ ಅತಿ ಕಡಿಮೆ, ಈಗಿನ ಮತ್ತು ಅತಿ ಹೆಚ್ಚಿನ ಸ್ಕ್ಯಾನ್ ಟೈಮ್ ಮೂರೂ ಕಾಣುತ್ತವೆ. ನೋಡಬೇಕಾದ್ದು ಅತಿ ಹೆಚ್ಚಿನದನ್ನು. ಅದೂ ಯಂತ್ರ ಖಾಲಿ ತಿರುಗುವಾಗ ಅಲ್ಲ. ತಪ್ಪು ಬಾರ್‌ಕೋಡ್ ಕೊಟ್ಟು, ರೆಸಿಪಿ ಬದಲಿಸಿ, ಅಲಾರಂಗಳು ಒಟ್ಟಿಗೆ ಬರುವಂತೆ ಮಾಡಿ ನೋಡಬೇಕು. ಯಾವ ಭಾಗ ಕಾಲ ತಿನ್ನುತ್ತಿದೆ ಎಂದು ತಿಳಿಯಲು ಆ ಭಾಗದ ಮೊದಲೂ ಕೊನೆಯೂ `RUNTIME` ಇಟ್ಟು ಅಳೆಯಬಹುದು.

ವಾಚ್‌ಡಾಗ್ ಮಿತಿಯನ್ನು 500ಕ್ಕೆ ಏರಿಸಿ ಲೈನ್ ಓಡಿಸುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಸೆನ್ಸರ್ ಓದಿದ ಮರುಕ್ಷಣವೇ ಡಬ್ಬಿ ಬಂದರೆ ಔಟ್‌ಪುಟ್ ಬದಲಾಗಲು ಸುಮಾರು ಎರಡು ಸುತ್ತು ಹಿಡಿಯುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಓಡುವ ಬೆಲ್ಟ್‌ನಲ್ಲಿ, 10 ಮಿಲಿಸೆಕೆಂಡಿನ ಸುತ್ತಿದ್ದರೆ ಅಷ್ಟರಲ್ಲಿ ಡಬ್ಬಿ 1 ಸೆಂ.ಮೀ. ಸರಿದಿರುತ್ತದೆ. ಸುತ್ತು 300ಕ್ಕೆ ಹಿಗ್ಗಿದ್ದರೆ 30 ಸೆಂ.ಮೀ. ಮುಂದೆ ಹೋಗಿರುತ್ತದೆ, ಯಾವ ಫಾಲ್ಟೂ ಬಂದಿರುವುದಿಲ್ಲ.