ಗದೆ, ಸುತ್ತಿಗೆ, ಸರಪಳಿ ಗುಂಡು: ಶಿರಸ್ತ್ರಾಣದ ಮೇಲೆ ಯಾವ ಪೆಟ್ಟು ಹೇಗೆ?

15ನೇ ಶತಮಾನದ ಯುರೋಪಿನ ಯೋಧನ ತಲೆಗೆ ಎರಡು ಕಾವಲು. ಹೊರಗೆ ಬಾಗಿದ ಉಕ್ಕಿನ ಶಿರಸ್ತ್ರಾಣ, ಒಳಗೆ ನಾರು ಅಥವಾ ಕುದುರೆ ಕೂದಲು ತುಂಬಿ ಹೊಲಿದ ದಪ್ಪ ಅಸ್ತರು. ಉಕ್ಕು ಕತ್ತಿಯನ್ನು ಜಾರಿಸುತ್ತಿತ್ತು, ಅಸ್ತರು ಪೆಟ್ಟಿನ ಬಿರುಸನ್ನು ಹೀರುತ್ತಿತ್ತು.

ಹೀರುವುದೆಂದರೆ ಏನು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 600 ಗ್ರಾಂ ತೂಕದ ಲೋಹದ ತಲೆ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಬಡಿದರೆ ಅದರಲ್ಲಿ ಸುಮಾರು 43 ಜೌಲ್ ಶಕ್ತಿ ಇರುತ್ತದೆ. ಅದು 1 ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ ಬಲ 440 ಕಿಲೋ ಭಾರಕ್ಕೆ ಸಮ. 3 ಸೆಂಟಿಮೀಟರಿನಲ್ಲಿ ನಿಂತರೆ ಅದರ ಮೂರನೇ ಒಂದು ಭಾಗ. ಅಸ್ತರು ಕೊಡುವುದು ಈ ಅಂತರವನ್ನೇ. ಆಯುಧ ಮಾಡುವವನ ಉಪಾಯವೆಲ್ಲ ಆ ಬಲವನ್ನು ಸಣ್ಣ ಜಾಗಕ್ಕೆ ಸೇರಿಸುವುದು.

ಗದೆಯ ತಲೆಯ ಸುತ್ತ ಉಕ್ಕಿನ ಆರೆಂಟು ರೆಕ್ಕೆಗಳು. ಹೇಗೆ ಬೀಸಿದರೂ ಯಾವುದಾದರೂ ಒಂದು ರೆಕ್ಕೆಯ ಅಂಚು ತಾಗುತ್ತದೆ, ಬಾಗಿದ ಉಕ್ಕಿನ ಮೇಲೆ ಜಾರದೆ ಕಚ್ಚಿಕೊಳ್ಳುತ್ತದೆ. ತೂತು ಮಾಡದಿದ್ದರೂ ಶಿರಸ್ತ್ರಾಣವನ್ನು ಒಳಕ್ಕೆ ತಗ್ಗಿಸಬಲ್ಲದು. ತಗ್ಗಿದಷ್ಟೂ ಅಸ್ತರಿನ ಆ ಅಂತರ ಕಡಿಮೆಯಾಗುತ್ತದೆ.

ಯುದ್ಧಸುತ್ತಿಗೆಯ ಒಂದು ಬದಿ ಕೆಲವೇ ಚದರ ಸೆಂಟಿಮೀಟರಿನ ಚಪ್ಪಟೆ ಮುಖ, ಇನ್ನೊಂದು ಬದಿ ಕೊಕ್ಕಿನಂಥ ಮೊನೆ. ಅದೇ 43 ಜೌಲ್ ಮೊನೆಯ ತುದಿಯಲ್ಲಿ ನಿಂತಾಗ ಒತ್ತಡ ಹಲವು ಪಟ್ಟು ಏರುತ್ತದೆ. ಆದರೆ ನೇರವಾಗಿ ಬಿದ್ದರೆ ಮಾತ್ರ. ಓರೆಯಾದರೆ ಜಾರುತ್ತದೆ, ಆಳಕ್ಕೆ ಇಳಿದರೆ ಸಿಕ್ಕಿಕೊಳ್ಳುತ್ತದೆ. ಹಲವು ಪದರಗಳ ದಪ್ಪ ಬಟ್ಟೆಯ ಕವಚ ಗದೆಯ ಅಗಲವಾದ ಪೆಟ್ಟನ್ನು ಹಂಚಿಕೊಳ್ಳಬಲ್ಲದು, ಮೊನೆಗೆ ಮಾತ್ರ ಅಷ್ಟು ಸುಲಭವಾಗಿ ತಡೆಯೊಡ್ಡಲಾರದು. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಯುದ್ಧದಲ್ಲಿ ಸತ್ತವರ ಸಾಮೂಹಿಕ ಸಮಾಧಿ 1996ರಲ್ಲಿ ಸಿಕ್ಕಿತು. ಕೆಲವು ತಲೆಬುರುಡೆಗಳಲ್ಲಿ ಚೌಕ ತೂತುಗಳಿವೆ, ಮೊನೆಯಾಯುಧದ ಗುರುತು. ಗಾಯಗಳ ಸ್ವರೂಪ ನೋಡಿದರೆ ಅವರ ಶಿರಸ್ತ್ರಾಣ ಆಗಲೇ ಕಳಚಿದ್ದಿರಬೇಕು. ಹಾಗಾಗಿ ಆ ತೂತುಗಳು ಎಲುಬಿನ ಕಥೆ ಹೇಳುತ್ತವೆ, ಉಕ್ಕಿನದ್ದಲ್ಲ.

ಸರಪಳಿ ಗುಂಡಿನ ಬಲವೇ ಬೇರೆ. ಕೋಲಿನ ತುದಿಯ ಕೊಂಡಿಯಿಂದಾಗಿ ತಲೆಗೆ ಹೆಚ್ಚಿನ ವೇಗ ಬರುತ್ತದೆ, ಗುರಾಣಿಯ ಅಂಚನ್ನು ದಾಟಿ ಆಚೆ ಬಾಗಿ ಬಡಿಯುತ್ತದೆ. ಪೆಟ್ಟಿನ ಮರುಹೊಡೆತ ಕೈಗೆ ತಟ್ಟುವುದಿಲ್ಲ. ಆದರೆ ಸರಪಳಿ ತಳ್ಳಲಾರದು, ತಾಗುವುದು ಗುಂಡಿನ ಸ್ವಂತ ತೂಕ ಮಾತ್ರ. ಗುರಿ ತಪ್ಪಿದರೆ ಮತ್ತೆ ಬೀಸುವಷ್ಟರಲ್ಲಿ ಎದುರಾಳಿ ಒಳಗೆ ನುಗ್ಗುತ್ತಾನೆ. ಬೊಹೀಮಿಯಾದ ಹುಸ್ಸೈಟರು ಧಾನ್ಯ ಬಡಿಯುವ ಉದ್ದ ಕೋಲಿಗೆ ಕಬ್ಬಿಣ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಬಂಡಿಗಳ ಮರೆಯಿಂದ ಹೋರಾಡಿದ್ದು ಇದಕ್ಕೇ. ಸುತ್ತ ಜಾಗವಿದ್ದರೆ, ಎದುರಾಳಿ ದೂರದಲ್ಲಿದ್ದರೆ ಅದು ಉಪಯುಕ್ತ.

ಹಳೆಯ ಶಿರಸ್ತ್ರಾಣ ಕಂಡಾಗ ಗುರುತುಗಳನ್ನು ಗಮನಿಸಿ. ಉದ್ದನೆಯ ತಗ್ಗು ಸಾಮಾನ್ಯವಾಗಿ ಅಂಚಿನದು, ಸಣ್ಣ ಚೌಕ ತೂತು ಮೊನೆಯದು, ಅಗಲವಾದ ಆಳವಿಲ್ಲದ ತಗ್ಗು ಗುಂಡಿನದು. ಸಣ್ಣ ತೂತಿಗಿಂತ ಆಳವಾದ ತಗ್ಗೇ ಅಪಾಯಕಾರಿಯಾದದ್ದೂ ಉಂಟು, ಏಕೆಂದರೆ ತೂತು ಅಸ್ತರಿನಲ್ಲೇ ನಿಂತಿರಬಹುದು, ತಗ್ಗಾದ ಉಕ್ಕು ತಲೆಗೇ ಒತ್ತಿರಬಹುದು.